ಆಪ್ಷನ್ ಪ್ರೀಮಿಯಂ ದುಬಾರಿಯೋ ಅಗ್ಗವೋ: ಐವಿ ರ‍್ಯಾಂಕ್ ಮತ್ತು ಐವಿ ಪರ್ಸೆಂಟೈಲ್ ಓದುವ ಬಗೆ

ಒಂದು ಆಪ್ಷನ್‌ನ ಬೆಲೆ 12 ಇದೆ ಅಂದರೆ ಅದು ಜಾಸ್ತಿಯೋ ಕಡಿಮೆಯೋ ಎಂದು ಹೇಳಲು ಬರುವುದಿಲ್ಲ. ಸ್ಟ್ರೈಕ್ ಎಷ್ಟು ದೂರ, ಎಕ್ಸ್‌ಪೈರಿಗೆ ಎಷ್ಟು ದಿನ, ಷೇರಿನ ಬೆಲೆ ಎಷ್ಟು ಎಂಬುದೆಲ್ಲ ಆ 12ರೊಳಗೆ ಸೇರಿಹೋಗಿರುತ್ತದೆ. ಅವನ್ನೆಲ್ಲ ಕಳೆದ ಮೇಲೆ ಉಳಿಯುವುದು ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಐವಿ. ಈ ಷೇರು ಮುಂದೆ ಎಷ್ಟು ಅಲುಗಾಡಬಹುದು ಎಂದು ಮಾರುಕಟ್ಟೆ ವಾರ್ಷಿಕ ಶೇಕಡಾವಾರಿನಲ್ಲಿ ಇಟ್ಟಿರುವ ಲೆಕ್ಕ ಅದು.

ಆದರೆ ಐವಿ 32 ಎಂಬ ಅಂಕಿಯೂ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಸದಾ 50ರಲ್ಲಿ ಇರುವ ಷೇರಿಗೆ 32 ಕಡಿಮೆ, 18ರಲ್ಲಿ ಇರುವ ಷೇರಿಗೆ 32 ತುಂಬಾ ಜಾಸ್ತಿ. ಹಾಗಾಗಿ ಇವತ್ತಿನ ಐವಿಯನ್ನು ಅದೇ ಷೇರಿನ ಕಳೆದ ಒಂದು ವರ್ಷದ ಐವಿ ಜೊತೆ ಹೋಲಿಸುತ್ತೇವೆ. ಹೋಲಿಸಲು ಎರಡು ಅಳತೆಗಳಿವೆ: ಐವಿ ರ‍್ಯಾಂಕ್ ಮತ್ತು ಐವಿ ಪರ್ಸೆಂಟೈಲ್. ಇವೆರಡೂ ಐವಿ ತನ್ನದೇ ಹಿಂದಿನ ಮಟ್ಟಕ್ಕಿಂತ ಮೇಲಿದೆಯೇ ಎಂದಷ್ಟೇ ಹೇಳುತ್ತವೆ. ಪ್ರೀಮಿಯಂ ದುಬಾರಿಯೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದರಿಂದ ಎರಡನೆಯದಕ್ಕೆ ಹೇಗೆ ಹೋಗಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

## ಹಂತ 1: ಸರಿಯಾದ ಐವಿ ಸಾಲು ಹಿಡಿಯಿರಿ

ಲೆಕ್ಕ ತಪ್ಪುವುದು ಬಹುತೇಕ ಇಲ್ಲೇ. ಒಂದೇ ಷೇರಿಗೆ ಹತ್ತಾರು ಸ್ಟ್ರೈಕ್, ಹಲವು ಎಕ್ಸ್‌ಪೈರಿ ಇರುತ್ತವೆ. ಪ್ರತಿಯೊಂದಕ್ಕೂ ಅದರದ್ದೇ ಐವಿ. ಒಂದು ಎಕ್ಸ್‌ಪೈರಿಯನ್ನೇ ಹಿಡಿದು ದಿನಾ ಅದರ ಐವಿ ಬರೆದುಕೊಂಡು ಹೋದರೆ, ಮೊದಲ ದಿನ 40 ದಿನದ ಆಪ್ಷನ್ ಅಳೆದಿರುತ್ತೀರಿ, ಕೊನೆಗೆ 2 ದಿನದ ಆಪ್ಷನ್ ಅಳೆಯುತ್ತೀರಿ. ಎಕ್ಸ್‌ಪೈರಿ ಹತ್ತಿರವಾದಂತೆ ಐವಿ ಸುಮ್ನೆ ಜಿಗಿದಾಡುತ್ತದೆ. ಅಂಥ ಸಾಲಿನ ಮೇಲೆ ಕಟ್ಟಿದ ರ‍್ಯಾಂಕ್‌ಗೆ ಅರ್ಥವಿಲ್ಲ.

ಬೇಕಿರುವುದು ಪ್ರತಿದಿನವೂ 30 ದಿನ ಮುಂದಕ್ಕೆ ನೋಡುವ ಐವಿ. ಅದಕ್ಕೆ 30 ದಿನದ ಆಚೀಚೆ ಇರುವ ಎರಡು ಎಕ್ಸ್‌ಪೈರಿಗಳನ್ನು ತೆಗೆದುಕೊಂಡು, ಷೇರಿನ ಈಗಿನ ಬೆಲೆಗೆ ಹತ್ತಿರದ ಸ್ಟ್ರೈಕ್‌ನ ಐವಿಯಿಂದ ನಡುವಿನ ಮೌಲ್ಯ ಲೆಕ್ಕ ಹಾಕುತ್ತಾರೆ. ಹೆಚ್ಚಿನ ಡೇಟಾ ಸೇವೆಗಳು ಇದನ್ನು 30 ದಿನದ ಐವಿ ಎಂಬ ಹೆಸರಲ್ಲಿ ಸಿದ್ಧವಾಗಿಯೇ ಕೊಡುತ್ತವೆ. ಸೂಚ್ಯಂಕಗಳಿಗಾದರೆ ಕೆಲಸ ಇನ್ನೂ ಸುಲಭ. ಎಸ್ ಅಂಡ್ ಪಿ 500 ಆಪ್ಷನ್‌ಗಳಿಂದ ಲೆಕ್ಕ ಹಾಕುವ ವಿಕ್ಸ್ ಸೂಚ್ಯಂಕ ಇಂಥದೇ 30 ದಿನದ ಸಾಲು. ಅದರಲ್ಲಿ ದೂರದ ಸ್ಟ್ರೈಕ್‌ಗಳೂ ಸೇರುವುದರಿಂದ, ಈಗಿನ ಬೆಲೆಗೆ ಹತ್ತಿರದ ಆಪ್ಷನ್‌ನ ಐವಿಗಿಂತ ಅದು ಸಾಮಾನ್ಯವಾಗಿ ಸ್ವಲ್ಪ ಮೇಲೆ ಇರುತ್ತದೆ. ಒಂದೇ ಸಾಲನ್ನು ಅದರ ಜೊತೆಗೇ ಹೋಲಿಸುವಾಗ ಇದರಿಂದ ತೊಂದರೆ ಇಲ್ಲ.

ಈ ಮಾರ್ಗದರ್ಶಿಯಲ್ಲಿ ವಿಕ್ಸ್ ಅನ್ನೇ ಉದಾಹರಣೆಯಾಗಿ ಬಳಸುತ್ತೇನೆ. ಅದರ ಹಳೆಯ ಮೌಲ್ಯಗಳು ಎಲ್ಲರಿಗೂ ಸಿಗುತ್ತವೆ, ನೀವೇ ಲೆಕ್ಕ ಹಾಕಿ ತಾಳೆ ನೋಡಬಹುದು.

## ಹಂತ 2: ಎರಡನ್ನೂ ನೀವೇ ಲೆಕ್ಕ ಹಾಕಿ

ಸ್ಪ್ರೆಡ್‌ಶೀಟ್‌ನ B ಕಾಲಮ್‌ನಲ್ಲಿ ದಿನದ ಕೊನೆಯ ಐವಿ ಹಾಕಿ. ಹಳೆಯದು ಮೇಲೆ, ಹೊಸದು ಕೆಳಗೆ. `B2`ರಿಂದ `B253`ರವರೆಗೆ ಹಿಂದಿನ 252 ವಹಿವಾಟಿನ ದಿನಗಳು, `B254` ಇವತ್ತು.

```
IV Rank:
=(B254-MIN(B2:B254))/(MAX(B2:B254)-MIN(B2:B254))*100

IV Percentile:
=COUNTIF(B2:B253,"<"&B254)/252*100
```

ರ‍್ಯಾಂಕ್ ನೋಡುವುದು ಮೂರೇ ಅಂಕಿ: ವರ್ಷದ ಗರಿಷ್ಠ, ವರ್ಷದ ಕನಿಷ್ಠ, ಇವತ್ತಿನದು. ಕನಿಷ್ಠದಿಂದ ಗರಿಷ್ಠದವರೆಗಿನ ದಾರಿಯಲ್ಲಿ ಇವತ್ತು ಎಷ್ಟು ದೂರ ಬಂದಿದ್ದೇವೆ ಎಂದು ಅದು ಹೇಳುತ್ತದೆ. ನಡುವಿನ ದಿನಗಳಲ್ಲಿ ಏನಾಯಿತು ಎಂಬುದು ಅದಕ್ಕೆ ಬೇಕಿಲ್ಲ. ಪರ್ಸೆಂಟೈಲ್ ಇದಕ್ಕೆ ಉಲ್ಟಾ. ಅದು ದಿನಗಳನ್ನು ಎಣಿಸುತ್ತದೆ: ಕಳೆದ 252 ದಿನಗಳಲ್ಲಿ ಎಷ್ಟು ದಿನ ಐವಿ ಇವತ್ತಿಗಿಂತ ಕಡಿಮೆ ಇತ್ತು? ಎಷ್ಟು ಕಡಿಮೆ ಇತ್ತು ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ.

ಕೆಲವು ಕಡೆ ಒಂದರ ಹೆಸರಲ್ಲಿ ಇನ್ನೊಂದನ್ನು ತೋರಿಸುತ್ತಾರೆ. ಕೆಲವರು ದಿನದ ಕೊನೆಯ ಮೌಲ್ಯದ ಬದಲು ದಿನದೊಳಗಿನ ಗರಿಷ್ಠವನ್ನು ಹಿಡಿಯುತ್ತಾರೆ. ಒಮ್ಮೆ ಮೇಲಿನ ಲೆಕ್ಕ ಮಾಡಿ ನಿಮ್ಮ ಪರದೆಯ ಅಂಕಿಗೆ ಹೋಲಿಸಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

## ಹಂತ 3: ಎರಡೂ ಒಪ್ಪದಿದ್ದಾಗ ಕಾರಣ ಹುಡುಕಿ

ಎರಡೂ 80ರ ಮೇಲಿದ್ದರೆ, ಅಥವಾ ಎರಡೂ 20ರ ಕೆಳಗಿದ್ದರೆ, ಓದುವುದು ಸುಲಭ. ಕಷ್ಟ ಇರುವುದು ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದಾಗ.

2020ರ ಅಕ್ಟೋಬರ್ 28 ತೆಗೆದುಕೊಳ್ಳಿ. ಆ ದಿನ ವಿಕ್ಸ್ 40.28ಕ್ಕೆ ಮುಗಿಯಿತು. ಹಿಂದಿನ ಒಂದು ವರ್ಷದ ಕನಿಷ್ಠ 11.54, ಅದು 2019ರ ನವೆಂಬರ್‌ನದ್ದು. ಗರಿಷ್ಠ 82.69, 2020ರ ಮಾರ್ಚ್ 16ರದ್ದು. ರ‍್ಯಾಂಕ್ ಲೆಕ್ಕ ಹೀಗೆ: 40.28ರಿಂದ 11.54 ಕಳೆದರೆ 28.74. ಗರಿಷ್ಠ ಕನಿಷ್ಠಗಳ ಅಂತರ 71.15. ಭಾಗಿಸಿದರೆ ಸುಮಾರು 40.

ರ‍್ಯಾಂಕ್ 40 ಅಂದರೆ ಮಾಮೂಲಿಗಿಂತಲೂ ಕಡಿಮೆ ಅನ್ನಿಸುತ್ತದೆ, ಅಲ್ವಾ? ಈಗ ದಿನಗಳನ್ನು ಎಣಿಸಿ. ಆ ಒಂದು ವರ್ಷದಲ್ಲಿ ವಿಕ್ಸ್ 40.28ಕ್ಕಿಂತ ಮೇಲೆ ಮುಗಿದದ್ದು ಮಾರ್ಚ್ ಮತ್ತು ಏಪ್ರಿಲ್‌ನ ಕೆಲವು ವಾರ, ಮತ್ತೆ ಜೂನ್‌ನಲ್ಲಿ ಒಂದು ದಿನ. ಒಟ್ಟು ಮೂವತ್ತರ ಆಸುಪಾಸು. ಹಾಗಾಗಿ ಪರ್ಸೆಂಟೈಲ್ 85ರಿಂದ 90ರ ನಡುವೆ ಬರುತ್ತದೆ.

ಒಂದೇ ದಿನ, ಒಂದೇ ಐವಿ. ಒಂದು ಅಳತೆಗೆ 40, ಇನ್ನೊಂದಕ್ಕೆ 85ರ ಮೇಲೆ. ಇಲ್ಲಿ ನಾನು ಪರ್ಸೆಂಟೈಲ್ ಅನ್ನೇ ನಂಬುತ್ತೇನೆ. ಮಾರ್ಚ್‌ನ ಆ ಒಂದು ಶಿಖರ ಇಡೀ ಅಳತೆಗೋಲನ್ನೇ ಎಳೆದು ಉದ್ದ ಮಾಡಿದೆ. ಮಾರುಕಟ್ಟೆ ತಲ್ಲಣಿಸಿದ ನಂತರದ ಇಡೀ ವರ್ಷ ರ‍್ಯಾಂಕ್ ಹೀಗೆ ಕೆಳಗೇ ಒತ್ತಿಕೊಂಡಿರುತ್ತದೆ. ರ‍್ಯಾಂಕ್ 50 ದಾಟಿದಾಗ ಮಾತ್ರ ಮಾರುತ್ತೇನೆ ಎಂಬ ನಿಯಮ ಇಟ್ಟುಕೊಂಡವರಿಗೆ ಆ ವರ್ಷದಲ್ಲಿ ಅವಕಾಶವೇ ಸಿಗುವುದಿಲ್ಲ.

ಶಿಖರ ವರ್ಷದ ಕಿಟಕಿಯಿಂದ ಹೊರಬೀಳುವಾಗ ಇದರ ಉಲ್ಟಾ ಆಗುತ್ತದೆ. 2021ರ ಏಪ್ರಿಲ್ ಕೊನೆಯ ಹೊತ್ತಿಗೆ 82.69 ಮತ್ತು ಅದರ ಸುತ್ತಲಿನ ದಿನಗಳೆಲ್ಲ ಲೆಕ್ಕದಿಂದ ಹೋಗಿದ್ದವು. ಹೊಸ ಗರಿಷ್ಠ 2020ರ ಜೂನ್‌ನ 40.79. ಐವಿ 25 ಮತ್ತು ವರ್ಷದ ಕನಿಷ್ಠ 16 ಎಂದಿಟ್ಟುಕೊಂಡು ಲೆಕ್ಕ ಹಾಕಿ. ಹಳೆಯ ಗರಿಷ್ಠದೊಂದಿಗೆ ರ‍್ಯಾಂಕ್ 13ರ ಸುಮಾರು, ಹೊಸದರೊಂದಿಗೆ 36. ಐವಿ ಒಂದಿಷ್ಟೂ ಬದಲಾಗಿಲ್ಲ, ಆದರೂ ರ‍್ಯಾಂಕ್ ಏರಿದೆ. ರ‍್ಯಾಂಕ್ ದಿಢೀರನೆ ಬದಲಾದಾಗ ಮೊದಲು ಐವಿ ಚಾರ್ಟ್ ತೆರೆದು, ಒಂದು ವರ್ಷದ ಹಿಂದೆ ಇದೇ ಸಮಯಕ್ಕೆ ಏನಿತ್ತು ಎಂದು ನೋಡಿ.

## ಹಂತ 4: ಎರಡೂ ಒಪ್ಪಿದರೂ ನಿಜವಾದ ಮಟ್ಟ ನೋಡಿ

2017 ಬಹಳ ಶಾಂತ ವರ್ಷ. ಆ ವರ್ಷ ವಿಕ್ಸ್ ದಿನದ ಕೊನೆಗೆ 9.14ರಷ್ಟು ಕೆಳಗೆ ಹೋಗಿತ್ತು. ಮೇಲೆ ಹೋದದ್ದು 16.04ರವರೆಗೆ ಮಾತ್ರ. 2018ರ ಜನವರಿ 30ರಂದು ಅದು 14.79ಕ್ಕೆ ಏರಿತು. ರ‍್ಯಾಂಕ್ ಲೆಕ್ಕ ಹಾಕಿದರೆ 82 ಬರುತ್ತದೆ. ಪರ್ಸೆಂಟೈಲ್ ಇನ್ನೂ ಮೇಲೆ, ಯಾಕೆಂದರೆ ಆ ವರ್ಷದಲ್ಲಿ ಅದಕ್ಕಿಂತ ಮೇಲೆ ಮುಗಿದ ದಿನಗಳು ಬೆರಳೆಣಿಕೆಯಷ್ಟು. ಎರಡೂ ಅಳತೆಗಳು ಒಂದೇ ದನಿಯಲ್ಲಿ ಜಾಸ್ತಿ ಎನ್ನುತ್ತಿದ್ದವು.

ನಾಲ್ಕು ವಹಿವಾಟಿನ ದಿನಗಳ ನಂತರ, ಫೆಬ್ರವರಿ 5ರಂದು, ವಿಕ್ಸ್ 37.32ಕ್ಕೆ ಮುಗಿಯಿತು.

14.79 ಎಂಬುದು ಆ ಒಂದು ವರ್ಷದ ಮಟ್ಟಿಗೆ ಮಾತ್ರ ಜಾಸ್ತಿ. 1990ರಿಂದ ಇಲ್ಲಿಯವರೆಗಿನ ವಿಕ್ಸ್ ಸರಾಸರಿ 20ರ ಸಮೀಪ ಇದೆ. ಆ ದೃಷ್ಟಿಯಲ್ಲಿ ನೋಡಿದರೆ ಅಂದು ಆಪ್ಷನ್ ಮಾರಿದವರು ಅಗ್ಗದ ಪ್ರೀಮಿಯಂ ಪಡೆದಿದ್ದರು. ಆದ್ದರಿಂದ ಗರಿಷ್ಠ ಮತ್ತು ಕನಿಷ್ಠದ ಅಂತರ ತೀರಾ ಕಿರಿದಾಗಿದ್ದರೆ ರ‍್ಯಾಂಕ್ ಅನ್ನು ನಾನು ಪಕ್ಕಕ್ಕಿಡುತ್ತೇನೆ. ಇದೇ ಸೂತ್ರವನ್ನು 5 ವರ್ಷದ ಸಾಲಿನ ಮೇಲೆ ಇನ್ನೊಮ್ಮೆ ಓಡಿಸಿ ನೋಡಬೇಕು. ಒಂದು ವರ್ಷದ ಪರ್ಸೆಂಟೈಲ್ 95, ಐದು ವರ್ಷದ್ದು 50 ಬಂದರೆ, ನೀವು ನೋಡುತ್ತಿರುವುದು ಮಾಮೂಲಿ ಐವಿ. ಕಳೆದ ಒಂದು ವರ್ಷ ಶಾಂತವಾಗಿತ್ತು ಅಷ್ಟೇ.

## ಹಂತ 5: ನಿಜವಾಗಿ ನಡೆದ ಅಲುಗಾಟಕ್ಕೆ ಹೋಲಿಸಿ

ದುಬಾರಿ ಎಂಬುದಕ್ಕೆ ಒಂದೇ ಗಟ್ಟಿ ಅರ್ಥವಿದೆ. ಪ್ರೀಮಿಯಂ ಲೆಕ್ಕ ಹಿಡಿದಿದ್ದಕ್ಕಿಂತ ಷೇರು ಮುಂದೆ ಕಡಿಮೆ ಅಲುಗಾಡಿದರೆ ಆ ಪ್ರೀಮಿಯಂ ದುಬಾರಿಯಾಗಿತ್ತು. ಜಾಸ್ತಿ ಅಲುಗಾಡಿದರೆ ಅಗ್ಗವಾಗಿತ್ತು. ಇದು ಮುಂದೆ ಗೊತ್ತಾಗುವ ಸಂಗತಿ. ಆದರೆ ಹಿಂದೆ ಇದೇ ಮಟ್ಟದ ಐವಿ ಇದ್ದಾಗ ಏನಾಗಿತ್ತು ಎಂದು ನೋಡಲು ಸಾಧ್ಯ.

C ಕಾಲಮ್‌ನಲ್ಲಿ ಷೇರಿನ ದಿನದ ಕೊನೆಯ ಬೆಲೆ ಹಾಕಿ. D ದಿನದ ಬದಲಾವಣೆ. E ಕಳೆದ 21 ವಹಿವಾಟಿನ ದಿನಗಳಲ್ಲಿ ನಿಜವಾಗಿ ಆದ ಅಲುಗಾಟ, ಐವಿಯಂತೆಯೇ ವಾರ್ಷಿಕ ಲೆಕ್ಕದಲ್ಲಿ. 30 ಕ್ಯಾಲೆಂಡರ್ ದಿನಗಳಲ್ಲಿ ಸುಮಾರು 21 ವಹಿವಾಟಿನ ದಿನಗಳು ಇರುತ್ತವೆ, ಅದಕ್ಕೇ 21.

```
D3:  =LN(C3/C2)
E23: =STDEV.S(D3:D23)*SQRT(252)*100
F2:  =B2-E23
```

D ಮತ್ತು E ಅನ್ನು ಕೆಳಗಿನವರೆಗೆ ಎಳೆಯಿರಿ, F ಅನ್ನು ಕೊನೆಯ 21 ಸಾಲು ಬಿಟ್ಟು ಎಳೆಯಿರಿ. F ಕಾಲಮ್ ಬಹಳ ಮುಖ್ಯ. ಅದು 2ನೇ ಸಾಲಿನ ದಿನದ ಐವಿಯಿಂದ, ಅದರ ನಂತರದ 21 ದಿನಗಳ ನಿಜ ಅಲುಗಾಟವನ್ನು ಕಳೆಯುತ್ತದೆ. ಅವತ್ತಿನ ಸಾಲಿನ E ಮೌಲ್ಯವನ್ನೇ ಕಳೆದರೆ ಹಿಂದಿನ ತಿಂಗಳ ಅಲುಗಾಟ ಬರುತ್ತದೆ. ಐವಿ ಮಾತಾಡುವುದು ಮುಂದಿನ ತಿಂಗಳ ಬಗ್ಗೆ. ಎರಡನ್ನೂ ಬೆರೆಸಿದರೆ ಉತ್ತರ ತಪ್ಪುತ್ತದೆ.

ಈಗ ಪರ್ಸೆಂಟೈಲ್ 80ರ ಮೇಲಿದ್ದ ದಿನಗಳನ್ನು ಮಾತ್ರ ಸೋಸಿ F ನೋಡಿ. ಬಹುಪಾಲು ದಿನಗಳಲ್ಲಿ ಅದು ಸೊನ್ನೆಗಿಂತ ಸಾಕಷ್ಟು ಮೇಲಿದ್ದರೆ, ಈ ಷೇರಿನಲ್ಲಿ ಎತ್ತರದ ಪರ್ಸೆಂಟೈಲ್‌ಗೆ ದುಬಾರಿ ಎಂಬ ಅರ್ಥ ಇದೆ. ಸೊನ್ನೆಯ ಆಚೀಚೆ ಆಡುತ್ತಿದ್ದರೆ, ಐವಿ ಮೇಲೆ ಹೋದದ್ದಕ್ಕೆ ಸರಿಯಾದ ಕಾರಣವೇ ಇತ್ತು. ಮಾರುಕಟ್ಟೆ ನ್ಯಾಯವಾದ ಬೆಲೆ ಇಟ್ಟಿತ್ತು ಅಷ್ಟೇ.

ಒಂದು ಎಚ್ಚರಿಕೆ. 252 ಸಾಲುಗಳಿವೆ ಎಂದು ಅಷ್ಟು ಸಾಕ್ಷಿಗಳಿವೆ ಎಂದುಕೊಳ್ಳಬೇಡಿ. ಪಕ್ಕಪಕ್ಕದ ಎರಡು ಸಾಲುಗಳು 21ರಲ್ಲಿ 20 ದಿನಗಳನ್ನು ಹಂಚಿಕೊಂಡಿರುತ್ತವೆ. ಒಂದು ವರ್ಷದಲ್ಲಿ ಒಂದರ ಮೇಲೊಂದು ಬೀಳದ 21 ದಿನದ ತುಂಡುಗಳು 12 ಮಾತ್ರ. ಅದರಲ್ಲೂ ಪರ್ಸೆಂಟೈಲ್ 80 ದಾಟಿದ್ದು ಎರಡೋ ಮೂರೋ. ಈ ಲೆಕ್ಕಕ್ಕೆ ಕಡೇಪಕ್ಷ 5 ವರ್ಷದ ಡೇಟಾ ಬೇಕು.

## ದುಬಾರಿ ಎಂದು ಗೊತ್ತಾದ ಮೇಲೂ ನಷ್ಟ ಆಗುವ ಬಗೆ

2020ರ ಅಕ್ಟೋಬರ್ 28ಕ್ಕೆ ವಾಪಸ್ ಹೋಗೋಣ. ಆಮೇಲೆ ಆದದ್ದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಈ ವಿಷಯದ ಅರ್ಧ ಗೊಂದಲ ಕಳೆಯುತ್ತದೆ.

ಐವಿಯನ್ನು 16ರಿಂದ ಭಾಗಿಸಿದರೆ ಮಾರುಕಟ್ಟೆ ನಿರೀಕ್ಷಿಸುವ ದಿನದ ಅಲುಗಾಟ ಸಿಗುತ್ತದೆ, ಯಾಕೆಂದರೆ 252ರ ವರ್ಗಮೂಲ 16ಕ್ಕೆ ಹತ್ತಿರ. 40.28 ಅಂದರೆ ದಿನಕ್ಕೆ ಸುಮಾರು ಶೇ 2.5. ಮುಂದಿನ 30 ದಿನಗಳಲ್ಲಿ ಎಸ್ ಅಂಡ್ ಪಿ 500 ಒಂದು ದಿನವೂ ಶೇ 2.5ರಷ್ಟು ಕದಲಲಿಲ್ಲ. ನಿಜವಾದ ಅಲುಗಾಟ ವಾರ್ಷಿಕ ಲೆಕ್ಕದಲ್ಲಿ 20ರ ಕೆಳಗೇ ಇತ್ತು. ವಿಕ್ಸ್ ಕೂಡ ನವೆಂಬರ್ 27ಕ್ಕೆ 20.84ಕ್ಕೆ ಇಳಿದಿತ್ತು. ಪರ್ಸೆಂಟೈಲ್ ಹೇಳಿದ್ದು ಸರಿ, ಪ್ರೀಮಿಯಂ ನಿಜಕ್ಕೂ ದುಬಾರಿಯಾಗಿತ್ತು.

ಆದರೆ ಅಂದು ಸ್ಟ್ರಾಡಲ್ ಮಾರಿ, ಅಂದರೆ ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಎರಡನ್ನೂ ಮಾರಿ, 30 ದಿನ ಸುಮ್ಮನೆ ಕುಳಿತವರ ಗತಿ ಏನಾಗುತ್ತಿತ್ತು? ಸ್ಟ್ರಾಡಲ್‌ನ ಅಂದಾಜು ಬೆಲೆ ಹೀಗೆ:

```
0.8 * IV * SQRT(30/365) = 0.8 * 40.28 * 0.287 = 9.2
```

ಅಂದರೆ ಸೂಚ್ಯಂಕದ ಶೇ 9.2ರಷ್ಟು ಪ್ರೀಮಿಯಂ. ಆ 30 ದಿನಗಳಲ್ಲಿ ಸೂಚ್ಯಂಕ 3271ರಿಂದ 3638ಕ್ಕೆ ಹೋಯಿತು, ಶೇ 11.2ರ ಏರಿಕೆ. ಬಂದ ಪ್ರೀಮಿಯಂಗಿಂತ ಕೊಡಬೇಕಾದದ್ದೇ ಜಾಸ್ತಿ. ದುಬಾರಿ ಪ್ರೀಮಿಯಂ ಮಾರಿಯೂ ನಷ್ಟ!

ದಿನದಿನದ ಹೆಜ್ಜೆ ಸಣ್ಣದಾಗಿತ್ತು, ಆದರೆ ಹೆಚ್ಚಿನ ಹೆಜ್ಜೆಗಳು ಒಂದೇ ದಿಕ್ಕಿಗೆ ಬಿದ್ದವು. ಐವಿ ಅಳೆಯುವುದು ಹೆಜ್ಜೆಯ ಗಾತ್ರವನ್ನು. ಸುಮ್ಮನೆ ಹಿಡಿದಿಟ್ಟ ಸ್ಟ್ರಾಡಲ್‌ಗೆ ಬೇಕಿರುವುದು ಹೊರಟ ಜಾಗಕ್ಕೂ ಮುಟ್ಟಿದ ಜಾಗಕ್ಕೂ ಇರುವ ದೂರ. ಐವಿ ದುಬಾರಿ ಎಂಬ ಲಾಭ ಕೈಗೆ ಬರಬೇಕಾದರೆ ಸೂಚ್ಯಂಕ ಏರಿದಂತೆ ಡೆಲ್ಟಾ ಹೆಡ್ಜ್ ಮಾಡುತ್ತಾ, ಅಂದರೆ ಸೂಚ್ಯಂಕವನ್ನೇ ಅಷ್ಟಷ್ಟು ಕೊಂಡು ನಷ್ಟ ಸರಿದೂಗಿಸುತ್ತಾ, ಹೋಗಬೇಕಿತ್ತು. ಇಲ್ಲವೇ ಐವಿ ಇಳಿದ ಕೂಡಲೇ ಬೇಗ ಹೊರಬರಬೇಕಿತ್ತು. ಹೆಡ್ಜ್ ಮಾಡಲು ಆಗದವರು ದೂರದ ಸ್ಟ್ರೈಕ್ ಕೊಂಡು ನಷ್ಟಕ್ಕೆ ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ರ‍್ಯಾಂಕ್ ಪರ್ಸೆಂಟೈಲ್‌ಗಳು ಎಷ್ಟೇ ಮೇಲಿದ್ದರೂ ಬರೀ ಆಪ್ಷನ್ ಮಾರಿ ಕೂರಲು ಅವು ಅನುಮತಿ ಕೊಡುವುದಿಲ್ಲ.

ಕೊಳ್ಳುವವರಿಗೂ ಇದೇ ಲೆಕ್ಕ. ಪರ್ಸೆಂಟೈಲ್ 5 ಎಂದು ಆಪ್ಷನ್ ಕೊಂಡರೆ ಸಾಲದು. ಐವಿ 12 ಇದ್ದು ಷೇರು ನಿಜವಾಗಿ 8ರಷ್ಟೇ ಅಲುಗಾಡುತ್ತಿದ್ದರೆ, ವರ್ಷದಲ್ಲೇ ಕಡಿಮೆಯಾದ ಆ ಪ್ರೀಮಿಯಂ ಕೂಡ ದುಬಾರಿಯೇ.

## ಹಂತ 6: ಕಂಪನಿಯ ಷೇರಾದರೆ ಫಲಿತಾಂಶದ ದಿನವನ್ನು ಬೇರ್ಪಡಿಸಿ

ಸೂಚ್ಯಂಕಕ್ಕಿಲ್ಲದ ಒಂದು ತೊಡಕು ಬಿಡಿ ಷೇರಿಗಿದೆ. ತ್ರೈಮಾಸಿಕ ಫಲಿತಾಂಶ ಹತ್ತಿರ ಬಂದಂತೆ ಐವಿ ಏರುತ್ತದೆ, ರ‍್ಯಾಂಕ್ 95 ಮುಟ್ಟುತ್ತದೆ, ಫಲಿತಾಂಶ ಬಂದ ಮರುದಿನ ಐವಿ ಕುಸಿಯುತ್ತದೆ. ಈ ಕುಸಿತ ಎಲ್ಲರಿಗೂ ಮೊದಲೇ ಗೊತ್ತು. ಬೆಲೆಯಲ್ಲಿ ಅದು ಸೇರಿಯೇ ಇರುತ್ತದೆ. ಕುಸಿಯುತ್ತದೆ ಎಂಬ ಒಂದೇ ಕಾರಣಕ್ಕೆ ಮಾರಿದರೆ ಲಾಭ ಬರಬೇಕೆಂದಿಲ್ಲ, ಯಾಕೆಂದರೆ ಅದೇ ದಿನ ಷೇರು ಹಾರಲೂಬಹುದು ಬೀಳಲೂಬಹುದು. ಇಲ್ಲಿ ಕೇಳಬೇಕಾದದ್ದು, ಆ ಒಂದು ದಿನಕ್ಕೆ ಮಾರುಕಟ್ಟೆ ಎಷ್ಟು ಅಲುಗಾಟ ಲೆಕ್ಕ ಹಿಡಿದಿದೆ ಎಂದು.

ಒಂದು ಷೇರಿನ 30 ದಿನದ ಐವಿ 40 ಇದೆ ಎನ್ನೋಣ. ಫಲಿತಾಂಶ ಇಲ್ಲದ ದಿನಗಳಲ್ಲಿ ಅದರ ಐವಿ 28ರ ಸುಮಾರು ಇರುತ್ತದೆ. 21 ವಹಿವಾಟಿನ ದಿನಗಳಲ್ಲಿ 20 ಮಾಮೂಲಿ, 1 ಫಲಿತಾಂಶದ ದಿನ. ಐವಿಗಳನ್ನು ನೇರವಾಗಿ ಕಳೆಯಲು ಬರುವುದಿಲ್ಲ, ಅವುಗಳ ವರ್ಗವನ್ನು ಕಳೆಯಬೇಕು.

```
=SQRT((40^2*21 - 28^2*20)/252)     ->  8.4
=0.8*8.4                           ->  6.7
```

ಮಾರುಕಟ್ಟೆಯ ಲೆಕ್ಕದಲ್ಲಿ ಫಲಿತಾಂಶದ ದಿನ ಈ ಷೇರು ಮೇಲಕ್ಕೋ ಕೆಳಕ್ಕೋ ಸರಾಸರಿ ಶೇ 6.7ರಷ್ಟು ಚಲಿಸುತ್ತದೆ. ಈಗ ಹಿಂದಿನ ಎಂಟು ಫಲಿತಾಂಶಗಳ ದಿನ ಷೇರು ಎಷ್ಟು ಚಲಿಸಿತ್ತು ಎಂದು ಬರೆದುಕೊಳ್ಳಿ, ಏರಿಕೆ ಇಳಿಕೆ ಎಂದು ನೋಡಬೇಡಿ. ಅವು 4, 9, 3, 7, 11, 5, 6, 8 ಎಂದಾದರೆ ಸರಾಸರಿ 6.6. ರ‍್ಯಾಂಕ್ 95 ಇದ್ದರೂ ಇಲ್ಲಿ ಪ್ರೀಮಿಯಂ ದುಬಾರಿಯಲ್ಲ, ಸರಿಯಾದ ಬೆಲೆ. ಆ ಸರಾಸರಿ 4 ಇದ್ದಿದ್ದರೆ ಆಗ ದುಬಾರಿ ಎನ್ನಬಹುದಿತ್ತು. ಎಂಟು ಅಂಕಿಗಳ ಸರಾಸರಿಯನ್ನು ಒಂದೇ ಒಂದು ದೊಡ್ಡ ಜಿಗಿತ ಕೆಡಿಸಬಲ್ಲದು, ಹಾಗಾಗಿ ಸರಾಸರಿಯ ಜೊತೆ ಎಂಟನ್ನೂ ಬಿಡಿಬಿಡಿಯಾಗಿ ನೋಡಿ.

ಫಲಿತಾಂಶದ ಈ ಏರಿಳಿತ ಉಳಿದ ದಿನಗಳ ಅಳತೆಯನ್ನೂ ಕೆಡಿಸುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಬರುವ ಶಿಖರಗಳೇ ವರ್ಷದ ಗರಿಷ್ಠವಾಗಿ ಕೂರುತ್ತವೆ. ಹೀಗಾಗಿ ಫಲಿತಾಂಶ ದೂರ ಇರುವಾಗ ಷೇರಿನ ರ‍್ಯಾಂಕ್ ಯಾವಾಗಲೂ ಕಡಿಮೆಯೇ ಕಾಣುತ್ತದೆ, ಆಪ್ಷನ್ ಅಗ್ಗವಾಗಿದೆ ಅನ್ನಿಸುತ್ತದೆ. ಇದಕ್ಕೆ ದಾರಿ ಸರಳ. 30 ದಿನದ ಕಿಟಕಿಯೊಳಗೆ ಫಲಿತಾಂಶ ಬೀಳುವ ದಿನಗಳನ್ನು ಒಂದು ಕಾಲಮ್‌ನಲ್ಲಿ `1` ಎಂದೂ, ಉಳಿದವನ್ನು `0` ಎಂದೂ ಗುರುತು ಮಾಡಿ. ಇವತ್ತು `0` ಆಗಿದ್ದರೆ `0` ಇರುವ ದಿನಗಳ ಜೊತೆ ಮಾತ್ರ ಪರ್ಸೆಂಟೈಲ್ ಲೆಕ್ಕ ಹಾಕಿ. ಇವತ್ತು `1` ಆಗಿದ್ದರೆ ಪರ್ಸೆಂಟೈಲ್ ಬಿಟ್ಟು ಮೇಲಿನ ಒಂದು ದಿನದ ಲೆಕ್ಕಕ್ಕೆ ಹೋಗಿ. ವರ್ಷಕ್ಕೆ ನಾಲ್ಕು ಫಲಿತಾಂಶ ಇರುವ ಷೇರಿನಲ್ಲಿ `0` ದಿನಗಳು 252ರಲ್ಲಿ 170ರ ಆಸುಪಾಸು ಉಳಿಯುತ್ತವೆ, ಎಣಿಕೆಗೆ ಅಷ್ಟು ಸಾಕು.